ದತ್ತಿನಿಧಿಯ ಬಡ್ಡಿ: ಹಂಚುವುದೆಷ್ಟು, ಉಳಿಸುವುದೆಷ್ಟು?

ಹಳೆಯ ಹೈಸ್ಕೂಲುಗಳ ದತ್ತಿ ಪಟ್ಟಿ ನೋಡಿ. ಯಾರೋ ಒಂದು ಕಾಲಕ್ಕೆ ವಿದ್ಯಾರ್ಥಿವೇತನಕ್ಕೆಂದು 5,000 ರೂಪಾಯಿ ಇಟ್ಟಿರುತ್ತಾರೆ. ಬಂದ ಬಡ್ಡಿಯನ್ನೆಲ್ಲ ವರ್ಷವರ್ಷ ಹಂಚಿದ್ದರಿಂದ ಅಸಲು ಈಗಲೂ ಅಷ್ಟೇ. ಶೇ 7ರಂತೆ ಬರುವ 350 ರೂಪಾಯಿಯಲ್ಲಿ ಇವತ್ತು ಯಾರ ಫೀಸು ಕಟ್ಟುವುದು?

ಹೊಸದಾಗಿ ದತ್ತಿ ಇಡುವವರಿಗೆ ಮೊದಲ ಕೆಲಸ ಸುಲಭ. ಹಣವನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಡಿ, ಬಡ್ಡಿ ಅಸಲಿಗೇ ಸೇರುವ ಬಗೆಯದನ್ನೇ ಕೇಳಿ. ತಿಂಗಳು ತಿಂಗಳು ಬಡ್ಡಿ ಕೈಗೆ ಬಂದರೆ ಖರ್ಚಾಗಿಯೇ ತೀರುತ್ತದೆ. ‘20 ವರ್ಷ ಖಚಿತ ಆದಾಯ’ ಅನ್ನುವ ವಿಮೆ ಪಾಲಿಸಿ ಬೇಡವೇ ಬೇಡ. 20ನೇ ವರ್ಷವೂ ಅಷ್ಟೇ ಮೊತ್ತ ಬಂದರೆ ಏನು ಪ್ರಯೋಜನ?

ಎಲ್ಲರೂ ಎಡವುವುದು ಎಷ್ಟು ತೆಗೆಯಬೇಕು ಅನ್ನುವಲ್ಲಿ. 10 ಲಕ್ಷದ ನಿಧಿ, ಬಡ್ಡಿ ಶೇ 7, ಬೆಲೆ ಏರಿಕೆ ಶೇ 5 ಅಂದುಕೊಳ್ಳಿ. ವರ್ಷದ ಬಡ್ಡಿ 70,000. ಆದರೆ ಬೆಲೆ ಏರಿದಷ್ಟು ಅಸಲೂ ಏರಬೇಕಲ್ವಾ? ಅದಕ್ಕೆ 50,000 ಹೋಯಿತು. ಹಂಚಲು ಉಳಿದದ್ದು 20,000. ಮುಂದಿನ ವರ್ಷ ಅಸಲು 10,50,000, ಬಡ್ಡಿ 73,500, ವಿದ್ಯಾರ್ಥಿವೇತನ 21,000. ಹೀಗೆ ವೇತನವೂ ಬೆಲೆಯ ಜೊತೆಗೇ ಏರುತ್ತದೆ. ದಾನಿಗಳಿಗೆ ಇದು ಕಡಿಮೆ ಅನ್ನಿಸುತ್ತದೆ, ನಿಜ. ಆದರೆ 70,000ವನ್ನೂ ಹಂಚುತ್ತಾ ಹೋದರೆ 10 ವರ್ಷದಲ್ಲಿ ಆ ದುಡ್ಡಿಗೆ ಇವತ್ತಿನ 43,000ದಷ್ಟೇ ಬೆಲೆ. ಬರೀ ಎಫ್‌ಡಿ ಇರುವ ನಿಧಿಯಿಂದ ಶೇ 2ಕ್ಕಿಂತ ಜಾಸ್ತಿ ತೆಗೆಯಬೇಡಿ.

ಬಡ್ಡಿ ದರ ಕುಸಿದರೆ? ಇದಕ್ಕೊಂದು ಲೆಕ್ಕದ ಪುಸ್ತಕ ಬೇಕು. ಪ್ರತಿ ಮಾರ್ಚ್ 31ಕ್ಕೆ ಎರಡು ಸಂಖ್ಯೆ ಬರೆಯಿರಿ: ‘ಇರಬೇಕಾದ ಅಸಲು’, ‘ಇರುವ ಅಸಲು’. ಮೊದಲನೆಯದು ಹಿಂದಿನ ವರ್ಷದ ‘ಇರಬೇಕಾದ’ ಮೊತ್ತಕ್ಕೆ ಬೆಲೆ ಏರಿಕೆ ಸೇರಿಸಿದ್ದು. ಏರಿಕೆಯ ಪ್ರಮಾಣಕ್ಕೆ ಸರ್ಕಾರ ಏಪ್ರಿಲ್‌ನಲ್ಲಿ ಪ್ರಕಟಿಸುವ ಮಾರ್ಚ್ ತಿಂಗಳ ಗ್ರಾಹಕ ಬೆಲೆ ಸೂಚ್ಯಂಕ ಸಾಕು. 10 ಲಕ್ಷಕ್ಕೆ ಬಡ್ಡಿ ಶೇ 5.4, ಬೆಲೆ ಏರಿಕೆ ಶೇ 6 ಆದ ವರ್ಷ ಇರಬೇಕಾದದ್ದು 10,60,000. ಬಡ್ಡಿ ಸೇರಿಸಿ 20,000 ಹಂಚಿದ ಮೇಲೆ ಇರುವುದು 10,34,000. ಕೊರತೆ 26,000. ಅದು ತುಂಬುವವರೆಗೆ ವೇತನವನ್ನು 20,000ಕ್ಕೇ ನಿಲ್ಲಿಸಿ. ಇಳಿಸಬೇಡಿ, ಓದುವ ಹುಡುಗಿಗೆ ನಡುವೆ ಕೈಕೊಟ್ಟಂತಾಗುತ್ತದೆ.

ತೆರಿಗೆಯದೊಂದು ಗಂಟಿದೆ. ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್ ವರ್ಷದ ಆದಾಯದಲ್ಲಿ ಶೇ 85 ಖರ್ಚು ಮಾಡಬೇಕು. ನಮ್ಮ ಲೆಕ್ಕದಲ್ಲಿ ಉಳಿಯುವುದೇ ಜಾಸ್ತಿ. ಆದರೆ ಈ ನಿಯಮ ಇಡೀ ಟ್ರಸ್ಟಿನ ಆದಾಯಕ್ಕೆ. ಶಾಲೆಯನ್ನೂ ನಡೆಸುವ ಟ್ರಸ್ಟ್ ಆದರೆ ಅದರ ಖರ್ಚಿನಲ್ಲೇ ಸಾಮಾನ್ಯವಾಗಿ ಸರಿಹೋಗುತ್ತದೆ. ಬರೀ ವಿದ್ಯಾರ್ಥಿವೇತನದ ಟ್ರಸ್ಟ್ ಆದರೆ ಹಣ ಇಡುವ ಮೊದಲೇ ಆಡಿಟರನ್ನು ಕೇಳಿ.

ದತ್ತಿಪತ್ರದಲ್ಲಿ ‘ಬಂದ ಬಡ್ಡಿಯನ್ನು ಪ್ರತಿವರ್ಷ ವಿತರಿಸತಕ್ಕದ್ದು’ ಎಂಬ ಸಾಲು ಸುಮ್ನೆ ಟೈಪ್ ಆಗಿಬಿಟ್ಟಿರುತ್ತದೆ. ಸಹಿ ಹಾಕುವ ಮುಂಚೆ ಅದನ್ನು ಹೊಡೆದುಹಾಕಿಸಿ, ‘ಬೆಲೆ ಏರಿಕೆಯಷ್ಟನ್ನು ಅಸಲಿಗೆ ಸೇರಿಸಿ, ಉಳಿದದ್ದನ್ನು ಮಾತ್ರ; ಕೊರತೆಯ ವರ್ಷ ಹಿಂದಿನ ವರ್ಷದಷ್ಟೇ’ ಎಂದು ಬರೆಸಿ.