ಹದಿನೈದು ನಿಮಿಷದ ಡೆಮೊ ಕ್ಲಾಸ್: ತಯಾರಿ ಹೀಗಿರಲಿ

ಶಾಲೆಯ ಸಂದರ್ಶನದಲ್ಲಿ ಡೆಮೊ ಕ್ಲಾಸ್ ಅಂದ ಕೂಡಲೇ ಹೆಚ್ಚಿನವರು ಇಡೀ ಪೀರಿಯಡ್‌ನ ಪಾಠವನ್ನು ಹದಿನೈದು ನಿಮಿಷಕ್ಕೆ ತುರುಕಲು ಹೋಗುತ್ತಾರೆ. ಅರ್ಧ ದಾರಿಯಲ್ಲಿ ಮಾತಿನ ವೇಗ ಏರುತ್ತದೆ, ಬೋರ್ಡ್ ತುಂಬಿಹೋಗುತ್ತದೆ, ಕೊನೆಗೆ ಪ್ಯಾನೆಲ್‌ನವರೇ ‘ಸಾಕು ಮೇಡಂ’ ಅನ್ನಬೇಕಾಗುತ್ತದೆ. ಪ್ಯಾನೆಲ್‌ನಲ್ಲಿ ಕೂತು ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಹಾಗಾಗಿ ಆರನೇ ತರಗತಿ ಗಣಿತದ ಒಂದೇ ಪಾಠ ಹಿಡಿದು ಹೇಳುತ್ತೇನೆ.

ಮೊದಲು ವಿಷಯವನ್ನು ಚಿಕ್ಕದು ಮಾಡಿ. ‘ಭಿನ್ನರಾಶಿ’ ಡೆಮೊಗೆ ಆಗುವುದಿಲ್ಲ. ‘ಭಿನ್ನರಾಶಿಗಳ ಸಂಕಲನ’ ಕೂಡ ದೊಡ್ಡದೇ. ಛೇದ ಬೇರೆ ಬೇರೆ ಇರುವ ಎರಡು ಭಿನ್ನರಾಶಿಗಳನ್ನು, ಅಂದರೆ 1/2 + 1/3 ಅನ್ನು, ಕೂಡುವುದು. ಇಷ್ಟೇ ಸಾಕು.

ಆಮೇಲೆ ಪ್ಯಾನೆಲ್‌ಗೆ ಕೊಡುವ ಪಾಠಯೋಜನೆ. ಒಂದೇ ಪುಟ ಇರಲಿ, ಒಬ್ಬೊಬ್ಬರಿಗೆ ಒಂದು ಪ್ರತಿ ಇರಲಿ. ತರಗತಿ, ವಿಷಯ, ಮಕ್ಕಳಿಗೆ ಮೊದಲೇ ಗೊತ್ತಿರಬೇಕಾದದ್ದು, ಸಾಮಗ್ರಿ, ನಿಮಿಷವಾರು ಹಂತಗಳು, ಕೊನೆಯ ಪ್ರಶ್ನೆ. ಉದ್ದೇಶ ಒಂದೇ ಬರೆಯಿರಿ. ‘ಮಕ್ಕಳು ಭಿನ್ನರಾಶಿಯನ್ನು ಅರ್ಥಮಾಡಿಕೊಳ್ಳುತ್ತಾರೆ’ ಎಂದು ಬರೆದರೆ ಅದನ್ನು ಯಾರೂ ಕಣ್ಣಿಂದ ನೋಡಲಾಗುವುದಿಲ್ಲ. ‘ಛೇದ ಬೇರೆ ಇರುವ ಎರಡು ಭಿನ್ನರಾಶಿಗಳನ್ನು ಕೂಡಿ, ಉತ್ತರ ಏಕೆ ಸರಿ ಎಂದು ಚೌಕ ಎಳೆದ ಕಾಗದದ ಪಟ್ಟಿಯ ಮೇಲೆ ತೋರಿಸುತ್ತಾರೆ’ ಎಂದು ಬರೆಯಿರಿ. ನೆಟ್‌ನಲ್ಲಿ ಸಿಗುವ ರೆಡಿಮೇಡ್ ಪಾಠಯೋಜನೆ ಬೇಡವೇ ಬೇಡ. ಅದು ನಲವತ್ತು ನಿಮಿಷದ ತರಗತಿಗೆ ಬರೆದದ್ದು. ನೀವು ಪಾಠ ಮಾಡುವುದಕ್ಕೂ ಅದಕ್ಕೂ ತಾಳೆಯಾಗುತ್ತಿಲ್ಲ ಅನ್ನುವುದು ಎರಡೇ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

ಸಮಯವನ್ನು ಹೀಗೆ ಹಂಚಿ: ಆರಂಭಕ್ಕೆ ಎರಡು, ಪಟ್ಟಿಯ ಕೆಲಸಕ್ಕೆ ಆರು, ಬೋರ್ಡ್ ಮೇಲೆ ಬಿಡಿಸಲು ಮೂರು, ಕೊನೆಯ ಪ್ರಶ್ನೆಗೆ ಮೂರು. ಉಳಿದ ಒಂದು ನಿಮಿಷ ಖಾಲಿ ಇರಲಿ, ಎಲ್ಲೋ ಒಂದು ಕಡೆ ಅದು ಬೇಕಾಗುತ್ತದೆ. ಪಿಪಿಟಿ ನಂಬಬೇಡಿ. ಕೇಬಲ್ ಹುಡುಕುವಷ್ಟರಲ್ಲಿ ಆರಂಭದ ಎರಡು ನಿಮಿಷ ಮುಗಿದಿರುತ್ತದೆ. ಆರು ಚೌಕ ಎಳೆದ ಕಾಗದದ ಪಟ್ಟಿಗಳು ಸಾಕು.

ಆರಂಭ ಸುಲಭ. ಸ್ವಾಗತ, ಪರಿಚಯ ಎಲ್ಲ ಬಿಟ್ಟು ಬೋರ್ಡ್ ಮೇಲೆ 1/2 + 1/3 ಬರೆದು ‘ಎಷ್ಟು?’ ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಐದು ಎಣಿಸಿ. ಈ ಮೌನ ತಡೆಯಲಾಗದೆ ತಾವೇ ಉತ್ತರ ಹೇಳಿಬಿಡುವವರು ಜಾಸ್ತಿ.

ಎಡವುವುದು ಇದರ ಮುಂದೆ. ಯಾರಾದರೂ ಒಬ್ಬರು ‘2/5’ ಅನ್ನುತ್ತಾರೆ. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿರುತ್ತಾರೆ. ಮಕ್ಕಳಿಲ್ಲದೆ ಪ್ಯಾನೆಲ್‌ನವರೇ ಮಕ್ಕಳಾಗಿ ಕೂತಿದ್ದರೆ, ಬೇಕಂತಲೇ ಈ ಉತ್ತರ ಕೊಡುವವರು ಇರುತ್ತಾರೆ. ‘ತಪ್ಪು, ಬೇರೆ ಯಾರು ಹೇಳ್ತೀರಿ?’ ಅಂದರೆ ನಿಮ್ಮ ಪಾಠ ಅಲ್ಲೇ ಬಿದ್ದ ಹಾಗೆ. ಆ 2/5 ಅನ್ನು ಬೋರ್ಡ್ ಮೇಲೆ ಬರೆಯಿರಿ, ಅಳಿಸಬೇಡಿ. ‘ಇದು ಅರ್ಧಕ್ಕಿಂತ ಜಾಸ್ತಿಯಾ, ಕಡಿಮೆಯಾ?’ ಎಂದು ಕೇಳಿ. ಐದರಲ್ಲಿ ಅರ್ಧ ಎರಡೂವರೆ, ಇಲ್ಲಿರುವುದು ಎರಡು. ಹಾಗಾದರೆ ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ? ತಪ್ಪು ಎಲ್ಲಿದೆ ಅನ್ನುವುದು ಅವರಿಗೇ ಕಾಣಬೇಕು.

ಈಗ ಪಟ್ಟಿ ಕೊಡಿ. ಆರು ಚೌಕದಲ್ಲಿ ಅರ್ಧಕ್ಕೆ ಬಣ್ಣ ಹಚ್ಚಿದರೆ ಮೂರು ಚೌಕ. ಮೂರನೇ ಒಂದು ಭಾಗಕ್ಕೆ ಇನ್ನೊಂದು ಬಣ್ಣ ಹಚ್ಚಿದರೆ ಎರಡು. ಒಟ್ಟು ಐದು ಚೌಕ, ಅಂದರೆ 5/6. ‘ಆರೇ ಚೌಕ ಏಕೆ? ಐದು ಇದ್ದಿದ್ದರೆ?’ ಎಂದು ಕೇಳಿ. ಐದು ಚೌಕವನ್ನು ಚೌಕ ಮುರಿಯದೆ ಅರ್ಧ ಮಾಡಲಾಗದು, ಮೂರು ಸಮ ಭಾಗವೂ ಮಾಡಲಾಗದು. ಸಮಛೇದ ಏಕೆ ಬೇಕು ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಲ.ಸಾ.ಅ. ಎಂಬ ಹೆಸರನ್ನು ಇದಾದ ಮೇಲೆ ಹೇಳಿ, ಮೊದಲೇ ಅಲ್ಲ. ಬೋರ್ಡ್ ಮೇಲೆ 3/6 + 2/6 = 5/6 ಎಂದು ಬಿಡಿಸುವುದು ಆಗ ಬೇಗ ಮುಗಿಯುತ್ತದೆ.

‘ಅರ್ಥ ಆಯ್ತಾ?’ ಎಂದು ಕೇಳಬೇಡಿ. ‘ಆಯ್ತು ಮಿಸ್’ ಎಂಬ ಕೋರಸ್‌ನಿಂದ ಏನೂ ತಿಳಿಯುವುದಿಲ್ಲ. ಅದರ ಬದಲು 1/2 + 1/5 ಕೊಟ್ಟು ಎಲ್ಲರೂ ಬರೆಯಲಿ, ನೀವು ಸಾಲುಗಳ ನಡುವೆ ಓಡಾಡಿ ನೋಡಿ. 7/10 ಬಂದರೆ ಸರಿ. 2/7 ಕಂಡರೆ ಹಳೇ ತಪ್ಪು ಇನ್ನೂ ಉಳಿದಿದೆ. 2/10 ಕಂಡರೆ ಛೇದ ಬದಲಾಯಿಸಿ ಅಂಶ ಹಾಗೇ ಬಿಟ್ಟಿದ್ದಾರೆ. ಅವರ ಕೈಗೆ ಹತ್ತು ಚೌಕದ ಪಟ್ಟಿ ಕೊಡಿ.

ಮುಗಿದ ಮೇಲೆ ಪ್ಯಾನೆಲ್ ಸಾಮಾನ್ಯವಾಗಿ ಕೇಳುವುದು, ‘ಅರ್ಧ ಮಕ್ಕಳಿಗೆ ಬರದಿದ್ದರೆ ನಾಳೆ ಏನು ಮಾಡುತ್ತೀರಿ?’ ಎಂದು. ‘ಇನ್ನೊಮ್ಮೆ ಹೇಳಿಕೊಡುತ್ತೇನೆ’ ಅಂದರೆ ಸಾಲದು. 2/7 ಬರೆದವರಿಗೆ ಮತ್ತೆ ಪಟ್ಟಿ, 2/10 ಬರೆದವರಿಗೆ ಬರೀ ಸಮಾನ ಭಿನ್ನರಾಶಿಯ ಅಭ್ಯಾಸ, ಸರಿ ಮಾಡಿದವರಿಗೆ ಪಟ್ಟಿಯಿಲ್ಲದೆ 1/4 + 1/6. ಈ ಮೂರು ಸಾಲನ್ನು ಪಾಠಯೋಜನೆಯ ಕೊನೆಯಲ್ಲಿ ಮೊದಲೇ ಬರೆದಿಟ್ಟಿರಿ.