ವ್ಯಾಂಕೊಮೈಸಿನ್ ಮಟ್ಟ ಅಳೆಯುವುದು ಹೇಗೆ? ಮೊದಲು ಗಡಿಯಾರ ನೋಡಿ

ವ್ಯಾಂಕೊಮೈಸಿನ್ ಎಂಬ ಪ್ರತಿಜೀವಕ ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗುತ್ತದೆ. ಆದ್ದರಿಂದ ಒಂದೇ ತೂಕದ ಇಬ್ಬರಿಗೆ ಒಂದೇ ಡೋಸ್ ಕೊಟ್ಟರೂ, ಮೂತ್ರಪಿಂಡ ಸೊರಗಿದವರ ರಕ್ತದಲ್ಲಿ ಅದು ಸೇರುತ್ತಾ ಹೋಗುತ್ತದೆ. ಚುರುಕಾಗಿರುವವರಲ್ಲಿ ಬೇಗ ಖಾಲಿಯಾಗಿ ಸೋಂಕು ಹಾಗೆಯೇ ಉಳಿಯುತ್ತದೆ.

ಮೊದಲು ರೋಗಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನೈನ್ ನೋಡಿ; ಅಂದಾಜಿನ ತೂಕ ಬರೆಯಬೇಡಿ. ಮೂತ್ರಪಿಂಡ ಸರಿಯಿರುವ 60 ಕೆಜಿ ತೂಕದವರಿಗೆ ಸಾಮಾನ್ಯವಾಗಿ 12 ಗಂಟೆಗೊಮ್ಮೆ 1 ಗ್ರಾಂ. ಡ್ರಿಪ್ ಕನಿಷ್ಠ ಒಂದು ಗಂಟೆ ಹರಿಯಲಿ. ಅವಸರ ಮಾಡಿದರೆ ಮುಖ, ಕುತ್ತಿಗೆ ಕೆಂಪೇರಿ ತುರಿಸುತ್ತದೆ.

ಎಡವುವುದು ರಕ್ತ ತೆಗೆಯುವಾಗ. ಬೆಳಿಗ್ಗೆ 8 ಮತ್ತು ರಾತ್ರಿ 8ಕ್ಕೆ ಔಷಧ ಕೊಡುತ್ತಿದ್ದರೆ, ಮಟ್ಟ ತೀರ ಇಳಿದಿರುವ ಗಳಿಗೆ, ಅಂದರೆ ಟ್ರಫ್, ಎರಡನೆಯ ದಿನ ರಾತ್ರಿ ನಾಲ್ಕನೆಯ ಡೋಸಿಗೆ ಅರ್ಧ ಗಂಟೆ ಮುಂಚೆ, 7.30ಕ್ಕೆ ಸಿಗುತ್ತದೆ. ಆದರೆ ವಾರ್ಡಿನಲ್ಲಿ ಉಳಿದ ಪರೀಕ್ಷೆಗಳ ಜೊತೆ ಮಧ್ಯಾಹ್ನ 2ಕ್ಕೇ ರಕ್ತ ತೆಗೆದು, ಚೀಟಿಯಲ್ಲಿ ಸಮಯ ಬರೆಯದೆ ಕಳುಹಿಸುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಈ ಔಷಧ ಸುಮಾರು 6 ಗಂಟೆಗೆ ಅರ್ಧಕ್ಕಿಳಿಯುವ ರೋಗಿಯಲ್ಲಿ, ರಾತ್ರಿ ಲೀಟರಿಗೆ 14 ಮಿಲಿಗ್ರಾಂ ಇರಬೇಕಾದ ಸಂಖ್ಯೆ ಮಧ್ಯಾಹ್ನದ ಆ ಹೊತ್ತಿಗೆ 28ರ ಹತ್ತಿರ ಬರುತ್ತದೆ. ಅದನ್ನೇ ಟ್ರಫ್ ಎಂದು ನಂಬಿ ಡೋಸ್ ಅರ್ಧಕ್ಕಿಳಿಸಿದರೆ, ನಿಜವಾದ ಮಟ್ಟ 7ಕ್ಕೆ ಕುಸಿಯುತ್ತದೆ. ಡ್ರಿಪ್ ಹಾಕಿದ ಕೈಯಿಂದ ರಕ್ತ ತೆಗೆಯುವುದು ಇನ್ನೂ ಕೆಟ್ಟ ಅಡ್ಡದಾರಿ. ಕ್ಯಾನುಲಾದಲ್ಲಿ ಉಳಿದ ಔಷಧವೇ ಲ್ಯಾಬಿಗೆ ಹೋಗುತ್ತದೆ. ಇನ್ನೊಂದು ಕೈಯಿಂದ ತೆಗೆಯಿರಿ. ಕೊನೆಯ ಡೋಸ್ ಆರಂಭಿಸಿದ, ಮುಗಿಸಿದ, ರಕ್ತ ತೆಗೆದ ಮೂರೂ ಸಮಯಗಳನ್ನು ಬರೆಯಿರಿ. ಕ್ರಿಯಾಟಿನೈನ್ ಏರುತ್ತಿದ್ದರೆ ನಾಲ್ಕನೆಯ ಡೋಸಿನವರೆಗೆ ಕಾಯದೆ ಮೊದಲೇ ಅಳೆಯಿರಿ.

ತೀವ್ರ ಸೋಂಕುಗಳಲ್ಲಿ ಟ್ರಫ್ 15ರಿಂದ 20ರಲ್ಲಿರಲಿ ಎಂಬ ಹಳೆಯ ಗುರಿಯನ್ನು, ಮೂತ್ರಪಿಂಡಕ್ಕೆ ಪೆಟ್ಟು ಹೆಚ್ಚೆಂದು, ಅಮೆರಿಕದ 2020ರ ಮಾರ್ಗಸೂಚಿ ಕೈಬಿಟ್ಟಿತು. ಮೆಥಿಸಿಲಿನ್‌ಗೆ ಬಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾದ ತೀವ್ರ ಸೋಂಕಿನಲ್ಲಿ ಈಗ ದಿನವಿಡೀ ರಕ್ತದಲ್ಲಿದ್ದ ಒಟ್ಟು ಪ್ರಮಾಣವನ್ನು, ಅಂದರೆ ಎಯುಸಿಯನ್ನು, 400ರಿಂದ 600ರೊಳಗೆ ಇಡುತ್ತಾರೆ. ಸಾಧ್ಯವಿದ್ದಲ್ಲಿ ಡ್ರಿಪ್ ಮುಗಿದ ಒಂದೆರಡು ಗಂಟೆಯ ನಂತರ ಒಮ್ಮೆ, ಮುಂದಿನ ಡೋಸಿಗೆ ಮುಂಚೆ ಒಮ್ಮೆ ರಕ್ತ ತೆಗೆದು ಲೆಕ್ಕ ಹಾಕಬೇಕೆಂಬುದೇ ನನ್ನ ಒತ್ತಾಯ. ಜೊತೆಗೆ ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಎಂಬ ಪ್ರತಿಜೀವಕವೂ ನಡೆಯುತ್ತಿದ್ದರೆ ಕ್ರಿಯಾಟಿನೈನನ್ನು ದಿನವೂ ನೋಡಬೇಕು.

ಅಮಿಕಾಸಿನ್, ಜೆಂಟಾಮೈಸಿನ್ ಎಂಬ ಪ್ರತಿಜೀವಕಗಳ ದಾರಿ ಬೇರೆ. ಅವುಗಳ ಮಟ್ಟ ಒಮ್ಮೆ ಎತ್ತರಕ್ಕೇರಿದಾಗ ಬ್ಯಾಕ್ಟೀರಿಯಾ ಸಾಯುತ್ತವೆ. ನಂತರ ಪೂರ್ತಿ ಇಳಿದರೆ ಮೂತ್ರಪಿಂಡಕ್ಕೆ ಬಿಡುವು ಸಿಗುತ್ತದೆ. ಅದಕ್ಕೇ ಬಹುತೇಕ ವಯಸ್ಕರಿಗೆ ದಿನಕ್ಕೊಂದೇ ಡೋಸ್. ಇವುಗಳಿಂದ ಪೆಟ್ಟು ತಿಂದ ಮೂತ್ರಪಿಂಡ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಆದರೆ ಸತ್ತ ಕಿವಿಯೊಳಗಿನ ರೋಮಕೋಶಗಳು ಮತ್ತೆ ಬೆಳೆಯುವುದಿಲ್ಲ. ಮೊದಲು ಹೋಗುವುದು ತೀಕ್ಷ್ಣ ಸ್ವರಗಳು. ಮಾತು ಕೇಳುತ್ತಲೇ ಇರುವುದರಿಂದ ರೋಗಿಗೆ ಗೊತ್ತಾಗುವುದಿಲ್ಲ. ದೀರ್ಘ ಚಿಕಿತ್ಸೆಯಾದರೆ ಆರಂಭದಲ್ಲೇ ಶ್ರವಣ ಪರೀಕ್ಷೆ ಮಾಡಿಸಿ, ಕಿವಿಯಲ್ಲಿ ಗುಂಯ್‌ಗುಡುತ್ತಿದೆಯೇ, ನಡೆಯುವಾಗ ಓಲಾಡುವಂತಾಗುತ್ತಿದೆಯೇ ಎಂದು ದಿನವೂ ಕೇಳಿ. ಮಟ್ಟ ಸರಿಯಿದ್ದರೂ ಕೆಲವರ ಕಿವಿ ಹೋಗುತ್ತದೆ, ಏಕೆಂದರೆ ತಾಯಿಯಿಂದ ಬರುವ ಒಂದು ಜೀನ್ ದೋಷ ಅವರಲ್ಲಿರುತ್ತದೆ. ಹಾಗಾಗಿ ಮೊದಲ ಡೋಸಿಗೂ ಮುಂಚೆ, ತಾಯಿಗೋ ತಾಯಿಯ ಕಡೆಯ ಬಂಧುಗಳಿಗೋ ಇಂಥ ಇಂಜೆಕ್ಷನ್ ಪಡೆದ ಮೇಲೆ ಕಿವಿ ಮಂದವಾಗಿತ್ತೇ ಎಂದು ವಿಚಾರಿಸಿ.