ಗೋಣಿಚೀಲದ ಮೇಲ್‌ನಲ್ಲಿ ಕಳೆದುಹೋದ ಲಾಟ್

ಹಾಸನದ ಒಂದು ಕಾಫಿ ಕ್ಯೂರಿಂಗ್ ಘಟಕದ ಕಚೇರಿಯಲ್ಲಿ ನಾನು ಹನ್ನೊಂದು ವರ್ಷಗಳಿಂದ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೇನೆ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಿಂದ, ಹಣ್ಣಿನ ಹೊರಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಮತ್ತು ಇಡೀ ಹಣ್ಣನ್ನೇ ಒಣಗಿಸಿದ ಚೆರಿ ನಮ್ಮಲ್ಲಿಗೆ ಬರುತ್ತವೆ. ಒಣಗಿಸುವುದು, ಸಿಪ್ಪೆ ಬಿಡಿಸುವುದು, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವುದು ನಮ್ಮ ಕೆಲಸ. ತೋಟದವರೊಂದಿಗೆ ನಡೆಯುವ ಮಾತೆಲ್ಲ ಈಗ ಹೆಚ್ಚಾಗಿ ಇಮೇಲ್‌ನಲ್ಲೇ ನಡೆಯುವುದರಿಂದ, ಒಂದು ಮೇಲ್ ಸರಣಿಯನ್ನು ಎಲ್ಲಿ ನಿಲ್ಲಿಸಿ ಹೊಸದನ್ನು ಎಲ್ಲಿ ಆರಂಭಿಸಬೇಕು ಎಂಬುದನ್ನು ನಾನು ಒಂದು ನಷ್ಟದ ನಂತರ ಕಲಿತೆ.

ಆ ಸರಣಿ ಶುರುವಾದದ್ದು ಡಿಸೆಂಬರ್ ಮೊದಲ ವಾರದಲ್ಲಿ. ತೋಟವೊಂದಕ್ಕೆ ನಾವು ಕೊಟ್ಟಿದ್ದ ಖಾಲಿ ಚೀಲಗಳ ಲೆಕ್ಕ ಕೇಳಿ ‘ಗೋಣಿಚೀಲ ವಾಪಸಾತಿ’ ಎಂಬ ವಿಷಯದ ಸಾಲಿನಡಿ ನಾನೇ ಬರೆದಿದ್ದೆ. ತೋಟದ ಮ್ಯಾನೇಜರ್, ನಮ್ಮ ಸ್ಟೋರಿನವರು, ಲಾರಿ ಗುತ್ತಿಗೆದಾರರು ಮತ್ತು ಯಾರ್ಡಿನ ಮೇಲ್ವಿಚಾರಕರು, ಈ ನಾಲ್ವರಿಗೂ ಅದು ಹೋಗಿತ್ತು. ಮೊದಲ ಆರು ಮೇಲ್‌ಗಳು ಚೀಲಗಳ ಬಗ್ಗೆಯೇ ಇದ್ದವು. ಏಳನೆಯದರಲ್ಲಿ ಮ್ಯಾನೇಜರ್, ಖಾಲಿ ಚೀಲ ತರುವ ಲಾರಿಯಲ್ಲೇ ಪಾರ್ಚ್‌ಮೆಂಟ್ ಕಳಿಸಬಹುದೇ ಎಂದು ಕೇಳಿದರು. ಹನ್ನೆರಡನೆಯದರ ಹೊತ್ತಿಗೆ ಮಾತು ಲಾರಿ ಬಾಡಿಗೆಗೆ ಬಂದಿತ್ತು. ಹದಿನೈದನೆಯದರಲ್ಲಿ, ಬಂದ 62 ಚೀಲಗಳ ತೇವಾಂಶ ಶೇ. 11.2 ಇದೆ, ಇನ್ನೂ ಒಣಗಿಸಬೇಕು ಎಂದು ನಾನು ಬರೆದೆ. ಇಪ್ಪತ್ತಮೂರನೆಯದು ಫೆಬ್ರವರಿಯಲ್ಲಿ ಬಂತು. ಆ 62 ಚೀಲಗಳ ಲಾಟನ್ನು ಬೇರೆಯದರೊಂದಿಗೆ ಸೇರಿಸದೆ ಪ್ರತ್ಯೇಕವಾಗಿ ಇಡಬೇಕು, ತೋಟದ ಒಂದೇ ಬ್ಲಾಕಿನ ಕಾಫಿಯೆಂದು ಖರೀದಿದಾರರೊಬ್ಬರು ಮಾದರಿ ಕೇಳಿದ್ದಾರೆ ಎಂದು ಮ್ಯಾನೇಜರ್ ಅದರಲ್ಲಿ ಬರೆದಿದ್ದರು. ಆ ಮೇಲ್‌ನ ತಲೆಯ ಮೇಲೂ ಇದ್ದದ್ದು ಇದೇ:

```
Re: ಗೋಣಿಚೀಲ ವಾಪಸಾತಿ
```

ನಾನು ಅದನ್ನು ಓದಿ, ‘ಆಗಲಿ, ಯಾರ್ಡಿಗೆ ತಿಳಿಸಲಾಗಿದೆ’ ಎಂದು ಅದೇ ಸರಣಿಯಲ್ಲಿ ಉತ್ತರಿಸಿದೆ. ಯಾರ್ಡಿನವರ ವಿಳಾಸ ಅದರಲ್ಲಿ ಇದ್ದುದರಿಂದ ಅವರಿಗೆ ಮುಟ್ಟಿತೆಂದೇ ಭಾವಿಸಿದ್ದೆ. ನಾಲ್ಕು ದಿನಗಳ ನಂತರ ಆ 62 ಚೀಲಗಳೂ ಬೇರೆ ಎರಡು ತೋಟಗಳ ಪಾರ್ಚ್‌ಮೆಂಟಿನೊಂದಿಗೆ ಬೆರೆತು ಯಂತ್ರಕ್ಕೆ ಹೋದವು. ಒಮ್ಮೆ ಬೆರೆತ ಕಾಫಿಯನ್ನು ಬೇರ್ಪಡಿಸುವುದು ಯಾರಿಂದಲೂ ಸಾಧ್ಯವಿಲ್ಲ. ಮೇಲ್ವಿಚಾರಕರನ್ನು ಕರೆದು ಕೇಳಿದಾಗ ಅವರು ತಮ್ಮ ಫೋನ್ ತೆಗೆದು ತೋರಿಸಿದರು. “ಮೇಡಂ, ಗೋಣಿಚೀಲದ ಲೆಕ್ಕ ಸ್ಟೋರಿನೋರ್ದು. ಅದಕ್ಕೇ ಆ ಹೆಸರಿನ ಮೇಲ್ ಎಲ್ಲಾ ಇನ್‌ಬಾಕ್ಸಿಗೆ ಬರದಂಗೆ ಮಾಡ್ಕೊಂಡಿದೀನಿ” ಎಂದರು. ವಿಷಯದ ಸಾಲಿನಲ್ಲಿ ‘ಗೋಣಿಚೀಲ’ ಎಂದಿರುವ ಮೇಲ್‌ಗಳು ನೇರವಾಗಿ ಬೇರೊಂದು ಲೇಬಲ್‌ಗೆ ಹೋಗುವಂತೆ ಅವರು ಫಿಲ್ಟರ್ ಹಾಕಿಕೊಂಡಿದ್ದರು. ದಿನಕ್ಕೆ ಹತ್ತಾರು ಮೇಲ್ ಬರುವ, ಅಂಗಳದಲ್ಲೇ ಓಡಾಡಿಕೊಂಡಿರುವ ಮನುಷ್ಯರು ಹಾಗೆ ಮಾಡಿಕೊಂಡದ್ದು ಸರಿಯಾಗಿಯೇ ಇತ್ತು. ಆ ಹೆಸರಿನಡಿ ಅವರ ಕೆಲಸವನ್ನು ತುರುಕಿದ್ದು ನನ್ನ ತಪ್ಪು.

ಆ ರಾತ್ರಿ ನಾನು ಇಡೀ ಸರಣಿಯನ್ನು ಮೊದಲಿಂದ ಓದಿ, ಎಲ್ಲಿ ಕತ್ತರಿಸಬೇಕಿತ್ತು ಎಂದು ಹುಡುಕಿದೆ. ಇಪ್ಪತ್ತಮೂರನೆಯ ಮೇಲ್‌ನಲ್ಲಿ ಎಂದು ಮೊದಲು ತೋರುತ್ತದೆ, ಆದರೆ ಆ ಹೊತ್ತಿಗೆ ತಡವಾಗಿತ್ತು. ಏಳನೆಯದರಲ್ಲಿ ಮಾತು ಚೀಲದಿಂದ ಲಾರಿಗೆ ಹೊರಳಿದ್ದು ನಿಜವಾದರೂ, ಚೀಲ ತರುವ ಲಾರಿಯೂ ಪಾರ್ಚ್‌ಮೆಂಟ್ ತರುವ ಲಾರಿಯೂ ಒಂದೇ, ಅದಕ್ಕೆ ಉತ್ತರಿಸಬೇಕಾದವರೂ ಅದೇ ಗುತ್ತಿಗೆದಾರರು ಮತ್ತು ಸ್ಟೋರಿನವರು. ಅಲ್ಲಿ ಬೇರೆ ಮಾಡುವ ಅಗತ್ಯವಿರಲಿಲ್ಲ. ಬಾಡಿಗೆಯ ಮಾತಿಗೂ ಇದೇ ಅನ್ವಯಿಸುತ್ತದೆ. ಹದಿನೈದನೆಯದರಲ್ಲಿ ಮಾತ್ರ, ಅದುವರೆಗೆ ಏನೂ ಮಾಡಬೇಕಿಲ್ಲದೆ ಸುಮ್ಮನೆ ಪ್ರತಿ ಪಡೆಯುತ್ತಿದ್ದ ಯಾರ್ಡಿನವರು ಮೊದಲ ಬಾರಿಗೆ ಕೆಲಸ ಮಾಡಬೇಕಾದವರಾದರು. ಚೀಲಗಳನ್ನು ಬಿಚ್ಚಿ ಕಾಫಿ ಹರವಬೇಕಾದವರು ಅವರು. ಅಂದು ಅದನ್ನು ಅವರು ಮಾಡಿದ್ದು ನಾನು ಫೋನಿನಲ್ಲಿಯೂ ಹೇಳಿದ್ದರಿಂದ, ಮೇಲ್ ನೋಡಿ ಅಲ್ಲ. ಆ ದಿನವೇ ಲಾಟ್‌ನ ಹೆಸರಿನಲ್ಲಿ ಹೊಸ ಸರಣಿ ತೆರೆದಿದ್ದರೆ, ಫೆಬ್ರವರಿಯ ಸೂಚನೆ ತಾನಾಗಿ ಅದರೊಳಗೆ ಬಂದು ಬೀಳುತ್ತಿತ್ತು.

ಆದ್ದರಿಂದ ನಾನು ಇಟ್ಟುಕೊಂಡ ಅಳತೆಗೋಲು ಮಾತಿನ ವಸ್ತು ಬದಲಾಯಿತೇ ಎಂಬುದಲ್ಲ. ಮಾತು ಬದಲಾಗುತ್ತಲೇ ಇರುತ್ತದೆ, ಪ್ರತಿ ತಿರುವಿನಲ್ಲೂ ಹೊಸ ಮೇಲ್ ಬರೆಯಲು ಹೊರಟರೆ ಓದುವವರಿಗೆ ಹುಚ್ಚು ಹಿಡಿಯುತ್ತದೆ. ಉತ್ತರ ಒತ್ತುವ ಮೊದಲು ನಾನು ಕೇಳಿಕೊಳ್ಳುವುದು ಇಷ್ಟು: ಈ ಮೇಲ್ ಓದಿ ಕೆಲಸಕ್ಕೆ ಏಳಬೇಕಾದವರು, ವಿಷಯದ ಸಾಲನ್ನು ಮಾತ್ರ ನೋಡಿದರೆ, ಇದು ತಮ್ಮದೆಂದು ತಿಳಿಯುತ್ತಾರೆಯೇ? ತಿಳಿಯುವುದಿಲ್ಲ ಎಂದಾದರೆ ಸಾಲು ಬದಲಾಗಬೇಕು.

ಸಾಲು ಬದಲಿಸುವುದನ್ನೂ ನಾನು ಮೊದಲು ತಪ್ಪಾಗಿಯೇ ಮಾಡಿದೆ. ಹಳೆಯ ಹೆಸರನ್ನು ಆವರಣದಲ್ಲಿ ಉಳಿಸಿಕೊಳ್ಳುವುದು ಹಲವರ ರೂಢಿ, ಅದೇ ತೋಟದ ಮುಂದಿನ ಲಾಟ್‌ಗೆ ನಾನೂ ಹಾಗೆಯೇ ಬರೆದೆ:

```
ಲಾಟ್ 17: ಬೇರೆ ಇಡಬೇಕು (ಹಿಂದೆ: ಗೋಣಿಚೀಲ ವಾಪಸಾತಿ)
```

ಯಾರ್ಡಿನವರ ಫಿಲ್ಟರ್ ಇದನ್ನೂ ಹಿಡಿದು ಅದೇ ಲೇಬಲ್‌ಗೆ ಹಾಕಿತು, ಏಕೆಂದರೆ ‘ಗೋಣಿಚೀಲ’ ಎಂಬ ಪದ ಸಾಲಿನಲ್ಲಿ ಇನ್ನೂ ಇತ್ತು. ನಮ್ಮ ಕಚೇರಿಯ ಕಾಗದದ ಪತ್ರಗಳಲ್ಲಿ ‘ವಿಷಯ’ ಮತ್ತು ‘ಉಲ್ಲೇಖ’ ಎಂಬ ಎರಡು ಬೇರೆ ಬೇರೆ ಸಾಲುಗಳು ಏಕಿವೆ ಎಂಬುದು ನನಗೆ ಅರ್ಥವಾದದ್ದು ಆಗ. ಈಗ ವಿಷಯದ ಸಾಲಿನಲ್ಲಿ ಹೊಸ ಸಂಗತಿ ಮಾತ್ರ ಇರುತ್ತದೆ, ಮೇಲ್‌ನ ಒಳಗೆ ಮೊದಲ ಸಾಲಿನಲ್ಲಿ ‘ಉಲ್ಲೇಖ: ಗೋಣಿಚೀಲ ವಾಪಸಾತಿ ಸರಣಿಯಲ್ಲಿ ತಾವು ಇಂಥ ದಿನ ಬರೆದ ಮೇಲ್’ ಎಂದು ಬರೆಯುತ್ತೇನೆ. ಲಾಟ್ ಸಂಖ್ಯೆಯನ್ನು ಸಾಲಿನ ಆರಂಭದಲ್ಲೇ ಇಡುತ್ತೇನೆ, ಫೋನಿನ ಪರದೆಯಲ್ಲಿ ಉದ್ದದ ಸಾಲಿನ ಕೊನೆ ಕಾಣುವುದಿಲ್ಲ.

ಇದರಲ್ಲಿ ತಂತ್ರದ ಒಂದು ಸೂಕ್ಷ್ಮವಿದೆ. ನಾವು ಬಳಸುವ ಜಿಮೇಲ್‌ನಲ್ಲಿ ಉತ್ತರದ ಪೆಟ್ಟಿಗೆಯ ಮೂಲೆಯ ಬಾಣದ ಗುರುತನ್ನು ಒತ್ತಿ `Edit subject` ಆಯ್ದು ಸಾಲನ್ನು ಬದಲಿಸಿದರೆ, ಅಲ್ಲಿಂದ ಹೊಸ ಸರಣಿ ಶುರುವಾಗುತ್ತದೆ. ಆದರೆ ಮಂಗಳೂರಿನಲ್ಲಿ ನಾವು ವ್ಯವಹರಿಸುವ ರಫ್ತುದಾರರ ಕಚೇರಿಯವರು ಥಂಡರ್‌ಬರ್ಡ್ ಬಳಸುತ್ತಾರೆ. ಪ್ರತಿ ಉತ್ತರದ ಜೊತೆಯೂ `In-Reply-To` ಮತ್ತು `References` ಎಂಬ ಎರಡು ಗುಪ್ತ ಸಾಲುಗಳು ಹೋಗುತ್ತವೆ. ಇದು ಯಾವ ಮೇಲ್‌ಗೆ ಉತ್ತರ ಎಂಬುದನ್ನು ಅವು ಹೇಳುತ್ತವೆ. ಥಂಡರ್‌ಬರ್ಡ್ ಜೋಡಿಸುವುದು ಅವುಗಳನ್ನು ನೋಡಿ. ಹೀಗಾಗಿ ಸಾಲನ್ನು ಬದಲಿಸಿದರೂ, ಒಳಗಿನ ಬರಹವನ್ನೆಲ್ಲ ಅಳಿಸಿದರೂ, ಉತ್ತರದ ಗುಂಡಿಯಿಂದ ಹೊರಟ ಮೇಲ್ ಅವರಲ್ಲಿ ಹಳೆಯ ಸರಣಿಯ ಹೊಟ್ಟೆಯೊಳಗೇ ಹೋಗಿ ಕೂರುತ್ತದೆ. ಅವರು ಆ ಸರಣಿಯನ್ನು ಮುಚ್ಚಿಟ್ಟಿದ್ದರೆ ಕಣ್ಣಿಗೇ ಬೀಳುವುದಿಲ್ಲ.

ಆದ್ದರಿಂದ ಹೊಸ ಸಂಗತಿ ಹಳೆಯದರಿಂದಲೇ ಹುಟ್ಟಿದ್ದು, ಹಿಂದಿನ ಮಾತು ಓದುವವರಿಗೆ ಬೇಕಾಗಿದ್ದರೆ ಮಾತ್ರ ಉತ್ತರದಲ್ಲೇ ಸಾಲು ಬದಲಿಸುತ್ತೇನೆ. ನಂಟಿಲ್ಲದ ಸಂಗತಿಯಾದರೆ ಹೊಸ ಮೇಲ್ ತೆರೆದು, ವಿಳಾಸಗಳನ್ನು ಒಂದೊಂದಾಗಿ ನಾನೇ ಹಾಕುತ್ತೇನೆ. ಆ ವಿಳಾಸ ಹಾಕುವ ಕೆಲಸದಲ್ಲಿ ಇನ್ನೊಂದು ಲಾಭವಿದೆ. ಗೋಣಿಚೀಲದ ಸರಣಿಯಲ್ಲಿ ಲಾರಿ ಗುತ್ತಿಗೆದಾರರಿದ್ದರು, ಖರೀದಿದಾರರ ಮಾತು ಅವರ ಕಣ್ಣಿಗೆ ಬೀಳಬೇಕಾಗಿರಲಿಲ್ಲ. ಒಂದು ಎಚ್ಚರವೂ ಬೇಕು: ಹೊಸ ಮೇಲ್‌ಗೆ ಹಳೆಯ ಲಗತ್ತುಗಳು ಬರುವುದಿಲ್ಲ, ಸಾಮಾನ್ಯವಾಗಿ ಉತ್ತರಕ್ಕೂ ಬರುವುದಿಲ್ಲ. ತೇವಾಂಶದ ವರದಿಯನ್ನು ಮತ್ತೆ ಲಗತ್ತಿಸಿ, ಅದರ ಮುಖ್ಯ ಅಂಕಿಯನ್ನು ಮೇಲ್‌ನೊಳಗೂ ಬರೆಯುತ್ತೇನೆ.

ಮರುವರ್ಷ ನಾನು ಇದೇ ಹುರುಪಿನಲ್ಲಿ ಅತಿಯಾಗಿ ಕತ್ತರಿಸಿದೆ. ಬೇರೊಂದು ತೋಟದ ಲಾಟ್‌ಗೆ ತೇವಾಂಶ, ತೂಕ, ಸಿಪ್ಪೆ ಬಿಡಿಸಿದ ಮೇಲೆ ಸಿಗುವ ಕಾಳಿನ ಪ್ರಮಾಣವಾದ ಔಟ್‌ಟರ್ನ್ ಎಂದು ಮೂರು ಸರಣಿ ಮಾಡಿದೆ. ತೋಟದ ಯಜಮಾನರು ಹಿರಿಯರು, ಮಗಳು ಓದಿ ಹೇಳಿದ್ದನ್ನು ಕೇಳಿ ನನಗೆ ಫೋನ್ ಮಾಡಿದರು. “ನಲವತ್ತು ಕೆ.ಜಿ. ಎಲ್ಲಿ ಹೋಯ್ತಮ್ಮಾ? ಒಂದು ಕಾಗದದಲ್ಲಿ ಒಂದು ಮಾತು, ಇನ್ನೊಂದರಲ್ಲಿ ಇನ್ನೊಂದು ಮಾತು. ಬಿಡಿಸಿ ಬಿಡಿಸಿ ಹೇಳಿದ್ರೆ ನಮಗೆ ಅನುಮಾನ ಬರಲ್ವಾ?” ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಅವರ 3,100 ಕೆ.ಜಿ. ಪಾರ್ಚ್‌ಮೆಂಟ್ ಶೇ. 11.2 ತೇವಾಂಶದಲ್ಲಿ ಬಂದಿತ್ತು, ಅದು ಕೂಡ ಹಿಂದಿನ ವರ್ಷದ ಲಾಟ್‌ನಷ್ಟೇ ಇತ್ತು. ಅದನ್ನು ಶೇ. 10ಕ್ಕೆ ಇಳಿಸಿದಾಗ ನೀರೇ ಸುಮಾರು 41 ಕೆ.ಜಿ. ಹೋಗುತ್ತದೆ. ಒಣ ಅಂಶ 2,752.8 ಕೆ.ಜಿ., ಅದು ಒಟ್ಟು ತೂಕದ ಶೇ. 90 ಆಗಬೇಕಾದರೆ ತೂಕ 3,058.7 ಕೆ.ಜಿ.ಗೆ ಬರಬೇಕು. ಈ ಕಾರಣ ಒಂದು ಸರಣಿಯಲ್ಲಿ, ಅದರ ಪರಿಣಾಮ ಇನ್ನೊಂದರಲ್ಲಿ ಇದ್ದರೆ ಓದುವವರು ಅವೆರಡನ್ನು ಜೋಡಿಸುವುದಾದರೂ ಹೇಗೆ? ಮೂರನ್ನೂ ಒಂದೇ ಮೇಲ್‌ನಲ್ಲಿ ಲೆಕ್ಕ ಸಮೇತ ಮತ್ತೆ ಬರೆದು, ಮುಂದಿನ ಉತ್ತರವನ್ನು ಅದಕ್ಕೇ ಕೊಡಬೇಕೆಂದು ಕೋರಿದೆ. ತಕರಾರು ನಡೆಯುತ್ತಿರುವ ಸರಣಿಯನ್ನು ನಾನಾಗಿ ಈಗ ಒಡೆಯುವುದಿಲ್ಲ. ಕೆಲಸ ಮಾಡಬೇಕಾದವರು ಬದಲಾದರೆ, ಅವರಿಗೆ ಬೇಕಾದಷ್ಟನ್ನು ಮಾತ್ರ ಹೊಸ ಮೇಲ್‌ನಲ್ಲಿ ಬರೆದು ತಕರಾರನ್ನು ಅದರ ಜಾಗದಲ್ಲೇ ಬಿಡುತ್ತೇನೆ.

ಸರಣಿಯನ್ನು ಬೇರೆ ಮಾಡಿದ ದಿನವೇ ಹಳೆಯದರಲ್ಲೂ ಒಂದು ಸಾಲು ಬರೆಯುವುದನ್ನು ನಾನು ಬಿಡುವುದಿಲ್ಲ: ‘ಲಾಟ್ 17ರ ಸಂಗತಿ ಅದೇ ಹೆಸರಿನ ಹೊಸ ಮೇಲ್‌ಗೆ ಹೋಗಿದೆ, ದಯವಿಟ್ಟು ಅಲ್ಲಿ ಉತ್ತರಿಸಿ, ಇಲ್ಲಿ ಚೀಲಗಳ ಲೆಕ್ಕ ಮಾತ್ರ.’ ಇದನ್ನು ಬರೆಯದಿದ್ದರೆ ಯಾರಾದರೊಬ್ಬರು ಫೋನಿನಲ್ಲಿ ಕೈಗೆ ಮೊದಲು ಸಿಕ್ಕ ಹಳೆಯ ಮೇಲ್‌ಗೇ ಉತ್ತರಿಸುತ್ತಾರೆ. ಹಾಗೆ ಉತ್ತರಿಸಿದರೂ ನಾನು ಅಲ್ಲಿ ಚರ್ಚೆ ಬೆಳೆಸುವುದಿಲ್ಲ. ಅವರ ಮಾತನ್ನು ಹೊಸ ಸರಣಿಗೆ ತಂದು, ಅಲ್ಲೇ ಉತ್ತರ ಕೊಡುತ್ತೇನೆ. ಎರಡು ಮೂರು ಬಾರಿ ಹೀಗೆ ಮಾಡಿದ ಮೇಲೆ ತೋಟದ ಮ್ಯಾನೇಜರ್ ತಾವೇ ಲಾಟ್ ಸಂಖ್ಯೆ ಹಾಕಿ ಹೊಸ ಮೇಲ್ ಬರೆಯತೊಡಗಿದರು. ಗೋಣಿಚೀಲದ ಆ ಹಳೆಯ ಸರಣಿಗೂ ಅದರ ಸ್ವಂತ ಕೆಲಸ ಮರಳಿ ಸಿಕ್ಕಿತು: ಬಾಕಿಯಿದ್ದ 38 ಚೀಲಗಳ ಲೆಕ್ಕ ಮಾರ್ಚ್‌ನಲ್ಲಿ ಅಲ್ಲೇ, ಎರಡು ಮೇಲ್‌ಗಳಲ್ಲಿ ಚುಕ್ತಾ ಆಯಿತು.